ಕನ್ನಡಕದಲ್ಲಿ ಕೂರುವ ರಿಂಗ್ ಲೈಟ್ ಬಳೆಗೆ ಡಾವಿಂಚಿ ರಿಸಾಲ್ವ್: ಬಹಳ ದಿನ ಬಳಸಿದ ಮೇಲೆ

ದಾವಣಗೆರೆಯ ವಿದ್ಯಾನಗರದಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುವ ಮೇಡಂ ಒಬ್ಬರ ವಿಡಿಯೋಗಳನ್ನು ನಾನು ಎಡಿಟ್ ಮಾಡುತ್ತೇನೆ. ಮನೆಯ ಕೋಣೆಯಲ್ಲೇ, ಮೊಬೈಲ್‌ನಲ್ಲೇ ರೆಕಾರ್ಡಿಂಗ್. ಮುಂದೆ ರಿಂಗ್ ಲೈಟ್, ಪಕ್ಕಕ್ಕೆ ಕಿಟಕಿ. ಎರಡೂ ಅವರ ಕನ್ನಡಕದಲ್ಲಿ ಕಾಣುತ್ತವೆ, ರಿಂಗ್ ಲೈಟ್ ಬಳೆಯ ಹಾಗೆ. ಇವನ್ನು ತೆಗೆಯಲು ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನೇ ಬಳಸುತ್ತಾ ಬಂದಿದ್ದೇನೆ. ಈ ಕೆಲಸಕ್ಕೆ ದುಡ್ಡು ಕೊಟ್ಟು ಸ್ಟುಡಿಯೋ ಆವೃತ್ತಿ ತಗೊಳ್ಳಬೇಕು ಅಂತ ಅನಿಸಿಲ್ಲ.

ಬಳೆಯ ಸುತ್ತ ಮಾಸ್ಕ್ ಹಾಕಿ ಟ್ರ್ಯಾಕ್ ಮಾಡಿದರೆ ಸಾಕಲ್ವಾ ಅಂತ ಅನೇಕರು ಕೇಳುತ್ತಾರೆ. ಸಾಲದು. ಬಳೆ ಗಾಜಿಗೆ ಅಂಟಿಕೊಂಡಿರುವುದಿಲ್ಲ. ತಲೆ ಸ್ವಲ್ಪ ಅಲುಗಿದರೂ ಗಾಜಿನೊಳಗೆ ಜಾರುತ್ತದೆ. ಮಾಸ್ಕ್ ಮಾತ್ರ ಕನ್ನಡಕದ ಫ್ರೇಮಿನ ಜೊತೆ ಹೋಗಿಬಿಡುತ್ತದೆ.

ಅದಕ್ಕೆ ನಾನು ಮಾಡುವುದು ಹೀಗೆ. ಕಲರ್ ಪುಟದಲ್ಲಿ ಒಂದೊಂದು ಗಾಜಿಗೆ ಒಂದೊಂದು ನೋಡ್. ಇಡೀ ಗಾಜು ಒಳಗೆ ಬರುವ ಹಾಗೆ ಪವರ್ ವಿಂಡೋ ಅನ್ನುವ ಮಾಸ್ಕ್ ಬಿಡಿಸಿ, ಟ್ರ್ಯಾಕ್ ಮಾಡಲು Ctrl+T ಒತ್ತುತ್ತೇನೆ. ಟ್ರ್ಯಾಕರ್‌ಗೆ ಕನ್ನಡಕದ ಅಂಚು ಸಿಗುವುದರಿಂದ ಚೆನ್ನಾಗಿ ಹಿಡಿಯುತ್ತದೆ. ಕೈ ಅಡ್ಡ ಬಂದು ತಪ್ಪಿದ ಕಡೆ Frame ಮೋಡ್‌ನಲ್ಲಿ ಕೈಯಿಂದ ಸರಿಪಡಿಸುತ್ತೇನೆ. ಆಮೇಲೆ ಅದೇ ನೋಡ್‌ನಲ್ಲಿ ಕ್ವಾಲಿಫೈಯರ್‌ನಿಂದ ಬಳೆಯ ಬಣ್ಣವನ್ನು ಆರಿಸುತ್ತೇನೆ. ಈಗ ಬಳೆ ಗಾಜಿನೊಳಗೆ ಎಲ್ಲಿ ಜಾರಿದರೂ ಸಿಕ್ಕಿಬೀಳುತ್ತದೆ, ಹೊರಗಿನ ಚರ್ಮಕ್ಕೆ ಏನೂ ಆಗುವುದಿಲ್ಲ. Shift+H ಒತ್ತಿ ನೋಡಿದರೆ ಏನು ಆಯ್ಕೆಯಾಗಿದೆ ಅಂತ ಕಾಣುತ್ತದೆ. ಕಣ್ಣಿನ ಬಿಳಿಭಾಗವೂ ಸೇರಿದ್ದರೆ ಆಯ್ಕೆಯನ್ನು ಬಿಗಿ ಮಾಡಬೇಕು. ಮೊಬೈಲ್ ವಿಡಿಯೋದಲ್ಲಿ ಬಣ್ಣದ ವಿವರ ಕಡಿಮೆ, ಅಂಚು ಚೌಕ ಚೌಕವಾಗಿ ಒಡೆಯುತ್ತದೆ. ಕ್ವಾಲಿಫೈಯರ್‌ನಲ್ಲೇ ಬ್ಲರ್ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ.

ಮೇಡಂ ಗಾಜಿಗೆ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಇದೆ. ಹಾಗಾಗಿ ಬಳೆ ಬೆಳ್ಳಗಲ್ಲ, ಹಸಿರು. ಇದು ದೊಡ್ಡ ಅನುಕೂಲ. ಹಸಿರನ್ನು ಆರಿಸುವುದು ಸುಲಭ. ಸ್ಯಾಚುರೇಷನ್ ಇಳಿಸಿ, ಗೇನ್ ತುಸು ತಗ್ಗಿಸಿದರೆ ಹಿಂದಿನ ಕಣ್ಣು ಕಾಣುತ್ತದೆ. ಕಿಟಕಿಯದು ಬೇರೆ ಕಥೆ. ಅದು ಕಣ್ಣಿನ ಮೇಲೆ ತೆಳುವಾಗಿ ಬೆಳಕು ಸೇರಿಸುತ್ತದೆ, ಕಪ್ಪು ರೆಪ್ಪೆಯೂ ಬೂದು ಬಣ್ಣವಾಗುತ್ತದೆ. ಅಲ್ಲಿ ಲಿಫ್ಟ್ ಇಳಿಸಬೇಕು. ರೆಪ್ಪೆ ಮತ್ತೆ ಕಪ್ಪಾದರೆ ಸಾಕು, ಇನ್ನೂ ಇಳಿಸಿದರೆ ಕಣ್ಣ ಸುತ್ತ ಕಪ್ಪುಗಟ್ಟುತ್ತದೆ.

ಎಲ್ಲಿ ಕೈಚೆಲ್ಲಬೇಕು ಅನ್ನುವುದನ್ನು ಬೆಳಕಿನ ಮಟ್ಟ ತೋರಿಸುವ ಸ್ಕೋಪ್ ಹೇಳುತ್ತದೆ. ಪರೇಡ್‌ನಲ್ಲಿ ಆ ಜಾಗದ ಮೂರೂ ಬಣ್ಣ ತುತ್ತತುದಿಯ 1023ರ ಗೆರೆಗೆ ಮಟ್ಟಸವಾಗಿ ಒತ್ತಿಕೊಂಡಿದ್ದರೆ ಅಡಿಯಲ್ಲಿ ಕಣ್ಣಿನ ಚಿತ್ರವೇ ಉಳಿದಿಲ್ಲ. ಇಳಿಸಿದರೆ ಬೂದು ತೇಪೆ ಸಿಗುತ್ತದೆ, ಅದು ಬಿಳಿಗಿಂತ ಕೆಟ್ಟದಾಗಿ ಕಾಣುತ್ತದೆ. ಕೋಟಿಂಗ್ ಇಲ್ಲದ ಕನ್ನಡಕದಲ್ಲಿ ಇದು ಜಾಸ್ತಿ. ಬಳೆ ಕೆನ್ನೆಯ ಮೇಲಿದ್ದರೆ ಫ್ಯೂಷನ್ ಪುಟದಲ್ಲಿ ಪಕ್ಕದ ಚರ್ಮ ತಂದು ಮುಚ್ಚಬಹುದು. ಪಾಪೆಯ ಮೇಲಿದ್ದರೆ ಆಗದು, ಕಣ್ಣು ಮಿಟುಕಿದಾಗ ಸುಳ್ಳು ಗೊತ್ತಾಗುತ್ತದೆ. ಅಂಥ ಭಾಗವನ್ನು ನಾನು ಮತ್ತೆ ರೆಕಾರ್ಡ್ ಮಾಡಲು ಹೇಳುತ್ತೇನೆ, ರಿಂಗ್ ಲೈಟ್ ತಲೆಗಿಂತ ಮೇಲೆ ಏರಿಸಿ ಕೆಳಕ್ಕೆ ಬಾಗಿಸಿಟ್ಟು.