ಬೋರ್ಡ್ ಫೋಟೋದಲ್ಲಿ ಒಂದು ‘ಳ’ ಕೂರಿಸಲು ಮೂರು ದಾರಿ

ಶಿರಸಿಯಲ್ಲಿ ನಮ್ಮ ಭಾವನ ಮಸಾಲೆ ಅಂಗಡಿ ಇದೆ. ಅದರ ಬೋರ್ಡಿನ ಎರಡನೇ ಸಾಲಿನಲ್ಲಿ ‘ಏಲಕ್ಕಿ, ಕಾಲುಮೆಣಸು, ಜಾಯಿಕಾಯಿ’ ಎಂದು ಬರೆದಿದೆ. ಆಗಬೇಕಿದ್ದದ್ದು ಕಾಳುಮೆಣಸು. ತಗಡಿನ ಮೇಲೆ ಕೈಯಲ್ಲಿ ಬರೆದ ಹಳೇ ಬೋರ್ಡು ಅದು. ನೀಲಿ ಹಿನ್ನೆಲೆ, ಹಳದಿ ಅಕ್ಷರ, ಅಕ್ಷರದ ಬಲಕ್ಕೂ ಕೆಳಕ್ಕೂ ಕೆಂಪು ಶೇಡ್. ಮಳೆ ಬಿಡದೆ ಪೇಂಟರ್ ಬರುವುದಿಲ್ಲ, ಚೌತಿಯ ಪಾಂಪ್ಲೆಟ್ ಮಾತ್ರ ಅಷ್ಟರೊಳಗೆ ಅಚ್ಚಾಗಬೇಕು. ಹಾಗಾಗಿ ಫೋಟೋದಲ್ಲೇ ಸರಿ ಮಾಡಬೇಕಾಯಿತು. ಭಾವನ ಷರತ್ತು ಒಂದೇ: “ಹೊಸ ಬೋರ್ಡಿನ ಹಾಗೆ ಕಾಣಬಾರದು ಮಾರಾಯಾ, ನಮ್ಮ ಹಳೇ ಬೋರ್ಡೇ ಆಗಿರಬೇಕು.”

ಮೂರು ದಾರಿ ಹಿಡಿದು ನೋಡಿದೆ. ಫಾಂಟಿನಿಂದ ಟೈಪ್ ಮಾಡುವುದು, ಬೋರ್ಡಿನಲ್ಲೇ ಇರುವ ಇನ್ನೊಂದು ‘ಳು’ ತಂದು ಹಾಕುವುದು, ಅಲ್ಲಲ್ಲಿಂದ ತುಂಡು ತಂದು ಅಕ್ಷರ ಕಟ್ಟುವುದು.

ಮೂರಕ್ಕೂ ಮೊದಲ ಹೆಜ್ಜೆ ಒಂದೇ. ಫೋಟೋ ತೆಗೆದದ್ದು ರಸ್ತೆಯ ಎಡಬದಿಯಿಂದ, ಆದ್ದರಿಂದ ಬೋರ್ಡಿನ ಬಲತುದಿ ಸಣ್ಣದಾಗಿ ಕಾಣುತ್ತದೆ. ಹೀಗೆ ಓರೆಯಾದ ಬೋರ್ಡಿನ ಮೇಲೆ ನೇರವಾಗಿ ಕೆಲಸಕ್ಕೆ ಇಳಿಯಬಾರದು. ಗಿಂಪ್‌ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ಫೋಟೋದ ಇನ್ನೊಂದು ಲೇಯರ್ ಮಾಡಿಕೊಂಡು, Perspective ಟೂಲಿನ ದಿಕ್ಕನ್ನು Corrective ಎಂದು ಇಟ್ಟು, ನಾಲ್ಕು ಹಿಡಿಗಳನ್ನು ಬೋರ್ಡಿನ ನಾಲ್ಕು ಮೂಲೆಗೆ ಕೂರಿಸಿದೆ. Clipping ಅನ್ನು Clip ಎಂದು ಇಟ್ಟರೆ ಬೋರ್ಡು ಮಾತ್ರ ನೆಟ್ಟಗಾಗಿ ಲೇಯರ್ ತುಂಬ ಹರಡಿಕೊಳ್ಳುತ್ತದೆ. ಅಕ್ಷರಗಳು ಉದ್ದುದ್ದ ಕಾಣುತ್ತವೆ, ಪರವಾಗಿಲ್ಲ, ವಾಪಸ್ ಕೂರಿಸುವಾಗ ಸರಿಹೋಗುತ್ತದೆ. ತಿದ್ದುವ ತೇಪೆಯನ್ನು ಇದೇ ಅಳತೆಯ ಖಾಲಿ ಲೇಯರಿನಲ್ಲಿ ಮಾಡಬೇಕು. ಕೊನೆಗೆ ದಿಕ್ಕನ್ನು Normal ಮಾಡಿ, ಆ ಲೇಯರಿನ ಮೂಲೆಗಳನ್ನು ಮೂಲ ಫೋಟೋದ ಬೋರ್ಡಿನ ಮೂಲೆಗಳಿಗೆ ಎಳೆದರಾಯಿತು. ತಿರುಚುವುದು ತೇಪೆಯನ್ನು ಮಾತ್ರ. ಇಡೀ ಫೋಟೋವನ್ನು ಎರಡು ಸಲ ತಿರುಚಿದರೆ ಎಲ್ಲವೂ ಮಸುಕಾಗುತ್ತದೆ.

ಹಳೇ ‘ಲ’ ಅಳಿಸುವಾಗ ಒಂದು ಎಚ್ಚರ. ಸುತ್ತಲಿನ ಬಣ್ಣಕ್ಕೆ ಬೆರೆಸುವ ಹೀಲ್ ಟೂಲನ್ನು ಹಳದಿ ಅಂಚಿನ ಹತ್ತಿರ ಆಡಿಸಿದರೆ ಹಳದಿ ನೀಲಿಗೆ ಇಳಿದು ಕೊಳಕು ಹಸಿರು ಕಲೆಯಾಗುತ್ತದೆ. ಅಂಚಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ನಕಲಿಸುವ ಕ್ಲೋನ್, ನಡುವಿನ ಬಯಲಲ್ಲಿ ಮಾತ್ರ ಹೀಲ್. ನೀಲಿಯಲ್ಲಿ ಬ್ರಷ್ಷಿನ ಅಡ್ಡ ಗೆರೆಗಳಿದ್ದವು. ಅವು ತುಂಡಾಗದಿರಲು ಅದೇ ಎತ್ತರದಲ್ಲಿ, ಎಡದಿಂದಲೋ ಬಲದಿಂದಲೋ ಕ್ಲೋನ್ ಮಾಡಬೇಕು.

ಈಗ ಫಾಂಟಿನ ದಾರಿ. ಬೇಗ ಮುಗಿಯುವುದು ಇದೇ. ಗಿಂಪ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಫೋಟೋಶಾಪ್‌ನ ಹಳೇ ಆವೃತ್ತಿಯಲ್ಲಿ ಒತ್ತಕ್ಷರ ಒಡೆದರೆ ಪಠ್ಯದ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಗೆ ಬದಲಿಸಬೇಕು. ನಾನು ದಪ್ಪದ ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಪಕ್ಕದ ಅಕ್ಷರದ ಹಳದಿ ತುಂಬಿದೆ. ಅಳತೆ, ಓರೆ ಎಲ್ಲ ಕರಾರುವಾಕ್ಕು. ಆದರೂ ದೂರದಿಂದಲೇ ಹೊರಗಿನವನು ಅಂತ ಗೊತ್ತಾಗುತ್ತಿತ್ತು. ಕಾರಣ ತಲೆಕಟ್ಟು. ‘ಲ’ಗೆ ತಲೆಕಟ್ಟಿಲ್ಲ, ‘ಳ’ಗೆ ಇದೆ. ಅಂದರೆ ಈ ತಿದ್ದುಪಡಿಯಲ್ಲಿ ಬೋರ್ಡಿಗೆ ಒಂದು ಹೊಸ ತಲೆಕಟ್ಟು ಬರುತ್ತದೆ. ಎರಡೇ ಅಕ್ಷರ ಆಚೆ ‘ಸು’ ಇದೆ, ಅದರ ತಲೆಕಟ್ಟಿನ ತುದಿಯನ್ನು ಪೇಂಟರ್ ಮೇಲಕ್ಕೆ ಕೊಂಕಿಸಿದ್ದಾರೆ. ಫಾಂಟಿನದು ಮೊಂಡಾಗಿ ನಿಂತುಬಿಡುತ್ತದೆ. ಬಣ್ಣ ಎಷ್ಟು ಹೊಂದಿಸಿದರೂ ಇದು ಮುಚ್ಚುವುದಿಲ್ಲ.

ಎರಡನೇ ದಾರಿ ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು. ಮೂರನೇ ಸಾಲು ‘ಮಸಾಲೆ ಪದಾರ್ಥಗಳು’ ಅಂತ ಮುಗಿಯುತ್ತದೆ. ಅದೇ ಕೈ, ಅದೇ ಬಣ್ಣದ ‘ಳು’ ಸಿದ್ಧವಾಗಿ ಕೂತಿದೆ! ಆದರೆ ಆ ಸಾಲಿನ ಅಕ್ಷರ ಚಿಕ್ಕದು. ನೆಟ್ಟಗೆ ಮಾಡಿದ ಬೋರ್ಡಿನಲ್ಲಿ ಅದರ ಎತ್ತರ 150 ಪಿಕ್ಸೆಲ್, ನನಗೆ ಬೇಕಾದದ್ದು 210. ಅಂದರೆ 1.4 ಪಟ್ಟು ಹಿಗ್ಗಿಸಬೇಕು. ಮೇಲಾಗಿ ಅದು ದೂರದ ತುದಿಯಲ್ಲಿದೆ, ಮೊದಲೇ ಮಸುಕು. ಸಣ್ಣ ಬ್ರಷ್ಷಿನಲ್ಲಿ ಬರೆದದ್ದರಿಂದ ಗೆರೆಯ ದಪ್ಪ 20 ಪಿಕ್ಸೆಲ್ ಇತ್ತು, ಹಿಗ್ಗಿಸಿದ ಮೇಲೆ 28 ಆಯಿತು. ಪಕ್ಕದ ‘ಕಾ’ದ ಗೆರೆ 34. ಆರೇ ಪಿಕ್ಸೆಲ್ ಅಲ್ವಾ ಅನ್ನಿಸುತ್ತದೆ. ಆದರೆ ಸಾಲಿನ ನಡುವೆ ಆ ಅಕ್ಷರ ಜ್ವರದಿಂದ ಎದ್ದು ಬಂದವರಂತೆ ಸೊರಗಿ ಕಾಣುತ್ತದೆ. ಬಣ್ಣವೂ ಬೇರೆ. ಎರಡನೇ ಸಾಲಿನ ಮೇಲೆ ಮಾಡಿನ ನೆರಳಿದೆ, ಕೆಳಗಿನ ಸಾಲು ಬಿಸಿಲಿಗೆ ಮಾಸಿದೆ.

ಮೂರನೆಯದು ಇದೇ ಕೊರತೆಯಿಂದ ಹುಟ್ಟಿದ ದಾರಿ. ಬದಲಾಯಿಸುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ‘ಲು’ವಿನ ಕೊಂಬು ಸರಿಯಾಗೇ ಇದೆ, ಅದನ್ನು ಅದರ ಕೆಂಪು ಶೇಡಿನ ಸಮೇತ ಹಾಗೇ ಬಿಟ್ಟೆ. ತಲೆಕಟ್ಟನ್ನು ‘ಸು’ವಿನಿಂದ ತಂದೆ. ಅದೇ ಸಾಲು, ಅದೇ ಬ್ರಷ್, ಅದೇ ನೆರಳು, ಹಿಗ್ಗಿಸುವ ಕೆಲಸವೇ ಇಲ್ಲ. ‘ಳ’ದ ಒಡಲಿನ ಆಕಾರ ಮಾತ್ರ ‘ಗಳು’ವಿನದು. ಆಕಾರ ಅಷ್ಟೇ, ಬಣ್ಣವಲ್ಲ. ಹಿಗ್ಗಿಸಿದ ಅಕ್ಷರದ ಹಳದಿ ಭಾಗವನ್ನು ಸೆಲೆಕ್ಟ್ ಮಾಡಿ, Grow ಕೊಟ್ಟು 3 ಪಿಕ್ಸೆಲ್ ಹಿಗ್ಗಿಸಿದೆ. ಎರಡೂ ಬದಿ ಸೇರಿ 6, ದಪ್ಪ 34ಕ್ಕೆ ಬಂತು. ಆ ಸೆಲೆಕ್ಷನ್ ಒಳಗೆ ‘ಕಾ’ದಿಂದ ಹಳದಿಯನ್ನು ಕ್ಲೋನ್ ಮಾಡಿದೆ. ಹೀಗೆ ಮಾಡಿದರೆ ಬ್ರಷ್ಷಿನ ಎಳೆ, ಸಣ್ಣ ಬಿರುಕು ಎಲ್ಲ ಜೊತೆಗೇ ಬರುತ್ತವೆ. ಒಂದೇ ಬಿರುಕು ಎರಡು ಕಡೆ ಕಾಣದಂತೆ ನೋಡಿಕೊಳ್ಳಬೇಕು, ಅಷ್ಟೇ. ಶೇಡ್ ಕೂಡ ಹೀಗೇ: ಅದೇ ಸೆಲೆಕ್ಷನ್ನನ್ನು ಬಲಕ್ಕೂ ಕೆಳಕ್ಕೂ ಜರುಗಿಸಿ, ಹಳದಿಯ ಕೆಳಗಿನ ಲೇಯರಿನಲ್ಲಿ ಕೆಂಪನ್ನು ಕ್ಲೋನ್ ಮಾಡುವುದು.

ವಾಪಸ್ ಕೂರಿಸಿದ ಮೇಲೆ ತೇಪೆ ಸ್ವಲ್ಪ ತೇಲಿದಂತೆ ಕಂಡಿತು. ಫೋನಿನ ಲೆನ್ಸ್ ಬೋರ್ಡಿನ ಅಂಚನ್ನು ತುಸು ಬಾಗಿಸಿರುತ್ತದೆ. ನಾಲ್ಕು ಮೂಲೆ ಕೂತರೂ ನಡುವಿನ ಅಕ್ಷರ ಎರಡು ಮೂರು ಪಿಕ್ಸೆಲ್ ಆಚೀಚೆ ಹೋಗಬಹುದು. ಲೆಕ್ಕಕ್ಕಿಂತ ಅಕ್ಕಪಕ್ಕದ ‘ಕಾ’ ಮತ್ತು ‘ಮೆ’ಯನ್ನು ನಂಬಿ, ಅವುಗಳ ಬುಡಕ್ಕೆ ಸರಿಯಾಗಿ ತೇಪೆಯನ್ನು ಜರುಗಿಸಿದೆ. ಆಮೇಲೆ ಅರ್ಧ ಪಿಕ್ಸೆಲ್ ಬ್ಲರ್, ಅದರ ಮೇಲೆ ಚೂರು ನಾಯ್ಸ್. ಇದೇ ಕ್ರಮ ಇರಲಿ. ಮೊದಲು ನಾಯ್ಸ್ ಹಾಕಿದರೆ ಬ್ಲರ್ ಅದನ್ನು ಒರೆಸಿಬಿಡುತ್ತದೆ.

ಹೊಂದಿದೆಯೋ ಇಲ್ಲವೋ ಎಂದು ನೋಡಲು ಬರೀ ಕಣ್ಣು ಸಾಲದು. ನೀಲಿ ಚಾನಲ್ ಒಂದನ್ನೇ ತೆರೆದು ನೋಡಿ. ಅದರಲ್ಲಿ ಹಳದಿ ಹೆಚ್ಚುಕಮ್ಮಿ ಕಪ್ಪಾಗುತ್ತದೆ, ತೇಪೆಯ ಹಳದಿ ಬೇರೆಯಾಗಿದ್ದರೆ ಬೂದಿಯಾಗಿ ಎದ್ದು ಕಾಣುತ್ತದೆ. ಎರಡನೇ ದಾರಿಯ ಅಕ್ಷರ ಈ ಪರೀಕ್ಷೆಯಲ್ಲೇ ಸಿಕ್ಕಿಬಿದ್ದದ್ದು. ಮೂರನೆಯದು ದಾಟಿತು. ಭಾವನಿಗೆ ಮೂರನ್ನೂ ತೋರಿಸಿದೆ. ಫಾಂಟಿನದನ್ನು ನೋಡಿದ ಕೂಡಲೇ ಬೇಡ ಎಂದರು. ಎರಡನೆಯದನ್ನು ಒಪ್ಪಿಬಿಡುತ್ತಿದ್ದರು. ವಾಟ್ಸಾಪ್‌ನಲ್ಲಿ ಹಾಕುವುದಕ್ಕಾದರೆ ನಾನೂ ಒಪ್ಪುತ್ತಿದ್ದೆ, ಅಷ್ಟು ಚಿಕ್ಕದರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಚ್ಚಿಗೆ ಹೋಗುವಾಗ ಮಾತ್ರ ಮೂರನೆಯದೇ ಬೇಕು.

ಬೋರ್ಡು ಫ್ಲೆಕ್ಸ್ ಆಗಿದ್ದರೆ ನನ್ನ ಆಯ್ಕೆ ಪೂರ್ತಿ ತಿರುಗುತ್ತದೆ. ಅದರ ಅಕ್ಷರ ಹುಟ್ಟಿದ್ದೇ ಫಾಂಟಿನಿಂದ. ಅದು ನುಡಿಯದೋ ಶ್ರೀಲಿಪಿಯದೋ ಎಂದು ಗುರುತಿಸಿ ಅದನ್ನೇ ಹಾಕಿದರೆ ಮೊದಲ ದಾರಿಯೇ ಸಾಕು. ಹಳೇ ನುಡಿ ಫಾಂಟುಗಳಿಗೆ ಯುನಿಕೋಡ್ ಕನ್ನಡವನ್ನು ನೇರ ಅಂಟಿಸಿದರೆ ಮೂಡುವುದಿಲ್ಲ, ಮೊದಲು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬೇಕು.