ರಿಮ್‌ಲೆಸ್ ಅಂತ ಹೇಳಿ ಸೈಫಾನಿಕ್ ಕಮೋಡ್ ಕೊಟ್ಟರು, ನೀರಿನ ಪ್ರೆಶರ್ ಕಡಿಮೆ ಇರುವವರು ದಯವಿಟ್ಟು ಓದಿ

ಬದಿಯಡ್ಕದ ಹತ್ತಿರ ನಮ್ಮದು ಹಂಚಿನ ಮನೆ. ಬಚ್ಚಲಿನ ಸ್ಲ್ಯಾಬ್ ಮೇಲೇ ನೀರಿನ ಟ್ಯಾಂಕ್. ಫ್ಲಶ್ ಟ್ಯಾಂಕಿಗಿಂತ ಆರಡಿ ಮೇಲೆ, ಅಷ್ಟೇ. ಅಪ್ಪನಿಗೆ ಮೊಣಕಾಲು ನೋವು ಅಂತ ಕಮೋಡ್ ತರಲು ಹೋದಾಗ ಅಂಗಡಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. ಹೇಳಿಯೇ ಇದ್ದೆ!

"ರಿಮ್‌ಲೆಸ್ ತಗೊಳ್ಳಿ ಮಾರಾಯ್ರೆ, ಒಂದೇ ಸಲಕ್ಕೆ ಎಲ್ಲ ಹೋಗ್ತದೆ" ಅಂದರು. ಅಲ್ಲೇ ಫ್ಲಶ್ ಮಾಡಿಯೂ ತೋರಿಸಿದರು. ನಂಬಿ 18 ಸಾವಿರ ಕೊಟ್ಟೆ.

ಮನೆಯಲ್ಲಿ ಬೆಳಿಗ್ಗೆ ಮೊದಲು ಹೋದವರಿಗೆ ಸರಿ. ಹತ್ತು ನಿಮಿಷ ಬಿಟ್ಟು ಹೋದವರಿಗೆ ನೀರು ಸುತ್ತು ಹೊಡೆದು ಮೇಲೆ ಬರುತ್ತದೆ, ಮೆಲ್ಲಗೆ ಇಳಿಯುತ್ತದೆ, ಹೊಲಸು ಅಲ್ಲೇ. ಅಪ್ಪ ನಾಚಿಕೆಯಿಂದ ಬಾಗಿಲು ತೆರೆಯದೆ ಮತ್ತೆ ಮತ್ತೆ ಫ್ಲಶ್ ಒತ್ತುತ್ತಿದ್ದರು. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು.

ಫೋನ್ ಮಾಡಿದರೆ "ಪೈಪ್ ಬ್ಲಾಕ್ ಆಗಿರಬೇಕು" ಅಂದರು. ಪ್ಲಂಬರ್ ಬಂದು ಒಂದು ಬಕೆಟ್ ನೀರನ್ನು ರಪ್ಪನೆ ಸುರಿದ. ಗೊರ್ ಅಂತ ಎಳೆದುಕೊಂಡು ಎಲ್ಲ ಹೋಯಿತು. ಬ್ಲಾಕೂ ಇಲ್ಲ ಏನೂ ಇಲ್ಲ. "ಇದು ಸೈಫಾನಿಕ್ ಅಣ್ಣಾ" ಅಂದ.

ರಿಮ್‌ಲೆಸ್ ಅಂದರೆ ಅಂಚಿನ ಒಳಗೆ ಟೊಳ್ಳು ಇಲ್ಲ, ತೊಳೆಯಲು ಸುಲಭ. ಅಷ್ಟೇ! ಹೊಲಸು ತಳ್ಳುವ ಶಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀರು ನಿಧಾನ ಬಿದ್ದರೆ ಮುಂಭಾಗಕ್ಕೆ ತಲುಪುವುದೂ ಇಲ್ಲ.

ಸೈಫಾನಿಕ್‌ನಲ್ಲಿ ಹೊಲಸು ಹೊರಗೆ ಹೋಗುವ ದಾರಿ ಉದ್ದ, ಸಪೂರ, ಬಳುಕು. ಆ ದಾರಿ ಪೂರ್ತಿ ನೀರು ತುಂಬಿದರೆ ಮಾತ್ರ ಎಳೆತ ಶುರು. ಅದಕ್ಕೆ ನೀರು ಒಮ್ಮೆಲೇ ರಭಸದಿಂದ ಬರಬೇಕು. ಫ್ಲಶ್ ಟ್ಯಾಂಕ್ ಪೂರ್ತಿ ತುಂಬಿದ್ದರೆ ಪೈಪಿನ ಪ್ರೆಶರ್ ಕಡಿಮೆ ಇದ್ದರೂ ತೊಂದರೆ ಇಲ್ಲ. ನಮ್ಮಲ್ಲಿ ತುಂಬಲು ಕಾಲು ಗಂಟೆ ಬೇಕು! ಅರ್ಧ ಟ್ಯಾಂಕಿಗೆ ಎಳೆತ ಶುರುವೇ ಆಗುವುದಿಲ್ಲ. ವಾಶ್‌ಡೌನ್ ಅಂತ ಇನ್ನೊಂದು ಬಗೆಯ ಕಮೋಡ್ ಇದೆ, ಅದರಲ್ಲಿ ದಾರಿ ಗಿಡ್ಡ, ಅಗಲ. ನೀರಿನ ಭಾರವೇ ತಳ್ಳುತ್ತದೆ, ಎಳೆತಕ್ಕೆ ಕಾಯಬೇಕಾಗಿಲ್ಲ. ನೀರು ಸ್ವಲ್ಪ ಕಡಿಮೆಯಾದರೂ ಸಾಗುತ್ತದೆ. ಬೌಲಿನಲ್ಲಿ ನಿಲ್ಲುವ ನೀರು ಕಡಿಮೆ, ಕಲೆ ಹಿಡಿಯುತ್ತದೆ, ಬ್ರಶ್ ಹಾಕಬೇಕು, ಒಪ್ಪುತ್ತೇನೆ. ನಮ್ಮಂಥ ಮನೆಗೆ ಅದೇ ಬೇಕಿತ್ತು.

ಮತ್ತೆ ಅಂಗಡಿಗೆ ಹೋದೆ. "ಸೈಫಾನಿಕ್, ವಾಶ್‌ಡೌನ್ ಎರಡೂ ಒಂದೇ, ನಿಮ್ಮ ಪ್ರೆಶರ್ ಸರಿ ಇಲ್ಲ, ಪಂಪ್ ಹಾಕಿಸಿ" ಅಂದರು. ಪ್ರೆಶರ್ ಇಲ್ಲ ಅಂತ ನಾನೇ ಮೊದಲು ಹೇಳಿದ್ದಲ್ವಾ? "ಫಿಟ್ ಮಾಡಿದ್ದನ್ನು ವಾಪಸ್ ತಗೊಳ್ಳಲ್ಲ" ಅಂತ ಮುಖ ತಿರುಗಿಸಿದರು.

ರಿಮ್‌ಲೆಸ್ ಅಂದರೆ ನಂಬಬೇಡಿ. ಸೈಫಾನಿಕ್ಕಾ, ವಾಶ್‌ಡೌನಾ ಅಂತ ಕೇಳಿ, ಬಿಲ್ಲಿನಲ್ಲೇ ಬರೆಸಿ. ಅಂಗಡಿಯಲ್ಲಿ ಟ್ಯಾಂಕ್ ಅರ್ಧ ತುಂಬಿದಾಗ ಫ್ಲಶ್ ಒತ್ತಿಸಿ ನೋಡಿ. ಬದಲಾಯಿಸುವುದಾದರೆ ಗೋಡೆಯಿಂದ ನೆಲದ ಪೈಪಿನ ನಡುವಿಗೆ ಎಷ್ಟು ದೂರ ಅಂತ ಅಳೆದುಕೊಂಡೇ ಹೋಗಿ. ನಮ್ಮದು 12 ಇಂಚಿಗೆ ಕೂರಿಸಿದ್ದು. ಅಂಗಡಿಯಲ್ಲಿದ್ದ ವಾಶ್‌ಡೌನ್ 9 ಇಂಚಿನದು. ಈಗ ಹೊಸ ಟೈಲ್ಸ್ ಒಡೆಯಬೇಕು. ಅಲ್ಲಿಯವರೆಗೆ ಅಪ್ಪನ ಪಕ್ಕದಲ್ಲಿ ಬಕೆಟ್ ತುಂಬಿಸಿ ಇಡುತ್ತಿದ್ದೇನೆ.