ಸಿದ್ಧ ಕಂಟೆಂಟ್ ಕ್ಯಾಲೆಂಡರ್ ಕೊಳ್ಳುವ ಮುನ್ನ ಇದನ್ನೊಮ್ಮೆ ಓದಿ

ನಮ್ಮದು ಹುಬ್ಬಳ್ಳಿಯಲ್ಲಿ ಇಳಕಲ್ ಸೀರೆಯ ಚಿಕ್ಕ ಅಂಗಡಿ. ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಈಗ ಇನ್‌ಸ್ಟಾಗ್ರಾಂ ನೋಡಿ ವಾಟ್ಸಾಪಿಗೆ ಬರುವವರಿಂದಲೇ. ಹೋದ ವರ್ಷ ಒಂದು ಸೋಷಿಯಲ್ ಮೀಡಿಯಾ ಏಜೆನ್ಸಿಗೆ ಪೇಜಿನ ಕೆಲಸ ವಹಿಸಿದೆವು. ಹೆಸರು ಹೇಳುವುದಿಲ್ಲ. ಇಂಥದ್ದೇ ಮಾಲನ್ನು ಮಾರುವವರು ಬಹಳ ಮಂದಿ ಇದ್ದಾರೆ, ಹಾಗಾಗಿ ಹೆಸರಿಗಿಂತ ಮಾಲು ಹೇಗಿರುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು.

ಮೂರು ತಿಂಗಳ ದುಡ್ಡು ಮುಂಗಡ ಪಡೆದು ಅವರು ಕೊಟ್ಟದ್ದು ಮೂವತ್ತು ಚೌಕಗಳ ಒಂದು ಎಕ್ಸೆಲ್ ಹಾಳೆ, ಯಾವ ದಿನ ಯಾವ ಪೋಸ್ಟು ಅಂತ ಹೇಳುವ ಕಂಟೆಂಟ್ ಕ್ಯಾಲೆಂಡರ್. ಮೇಲೆ ನಾಲ್ಕು ‘ಕಂಟೆಂಟ್ ಪಿಲ್ಲರ್’, ಅಂದರೆ ಪೋಸ್ಟುಗಳನ್ನು ಹಂಚಿಡುವ ಮುಖ್ಯ ವಿಭಾಗಗಳು: ಎಜುಕೇಟ್, ಎಂಟರ್‌ಟೇನ್, ಇನ್‌ಸ್ಪೈರ್, ಪ್ರಮೋಟ್. ಕೆಳಗೆ ಸೋಮವಾರ ಸ್ಫೂರ್ತಿಯ ಮಾತು, ಮಂಗಳವಾರ ಒಂದು ಟಿಪ್, ಶುಕ್ರವಾರ ಆಫರ್, ನಡುವೆ ಆ ದಿನಾಚರಣೆ ಈ ದಿನಾಚರಣೆ. ನೋಡಲು ಅಚ್ಚುಕಟ್ಟಾಗಿತ್ತು. ಮೊದಲ ವಾರ ಪೋಸ್ಟುಗಳು ಚೆನ್ನಾಗಿಯೇ ಬಂದವು. ಎರಡನೆಯ ವಾರ ಸೀರೆ ಮಡಿಸುವ ಟಿಪ್ ಬಂತು, ಮೂರನೆಯ ವಾರ ಅದೇ ಟಿಪ್ ಬೇರೆ ಬಣ್ಣದ ಹಿನ್ನೆಲೆಯಲ್ಲಿ ಬಂತು. ಆಮೇಲೆ ‘ಶುಭೋದಯ’ ಶುರುವಾಯಿತು. ಕೇಳಿದರೆ, “ಮೇಡಂ, ನಿಮ್ಮ ಕಡೆಯಿಂದ ಕಂಟೆಂಟ್ ಬರ್ತಾ ಇಲ್ಲ” ಅಂತ ನಮ್ಮ ಮೇಲೇ ಹಾಕಿದರು. ಒಂದು ದಿನ ಅದೇ ಊರಿನ ಬೇಕರಿಯೊಂದರ ಪೇಜಿನಲ್ಲಿ ನಮ್ಮ ಸೋಮವಾರದ ಮಾತು, ಅಕ್ಷರ ಬದಲಾಗದೆ, ಕೇಕಿನ ಚಿತ್ರದ ಮೇಲೆ ಕೂತಿತ್ತು.

ಸಿದ್ಧ ಕ್ಯಾಲೆಂಡರನ್ನು ಪತ್ತೆ ಹಚ್ಚಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹಾಳೆಯಲ್ಲಿ ನಿಮ್ಮ ಅಂಗಡಿಯ ಹೆಸರು ಅಳಿಸಿ ಹಲ್ಲಿನ ಡಾಕ್ಟರ ಹೆಸರು ಬರೆಯಿರಿ. ಚೌಕಗಳು ಹಾಗೆಯೇ ನಡೆಯುತ್ತವೆ ಎಂದರೆ ಅದನ್ನು ನಿಮಗಾಗಿ ಮಾಡಿಲ್ಲ.

ಐಡಿಯಾ ಯಾಕೆ ಬತ್ತುತ್ತದೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ‘ಎಜುಕೇಟ್’ ಎಂದರೆ ಪೋಸ್ಟು ಏನು ಮಾಡಬೇಕು ಅನ್ನುವ ಉದ್ದೇಶ, ಯಾವುದರ ಬಗ್ಗೆ ಅನ್ನುವುದು ಅದರಲ್ಲಿಲ್ಲ. ಆ ಚೌಕದ ಮುಂದೆ ಕೂತವರು ಪ್ರತಿ ಸಲ ಸೊನ್ನೆಯಿಂದ ಯೋಚಿಸಬೇಕು. ವಾರಕ್ಕೆ ಕಟ್ಟಿದ ಚೌಕ ಇನ್ನೂ ಕಷ್ಟ: ಮಂಗಳವಾರ ತಪ್ಪದೆ ಬರುತ್ತದೆ, ಟಿಪ್ ಎಲ್ಲಿಂದ ಬರಬೇಕು ಅಂತ ಯಾರೂ ಬರೆದಿಟ್ಟಿರುವುದಿಲ್ಲ.

ನಿಜವಾಗಿ ದುಡ್ಡಿನ ಪೆಟ್ಟು ಬಿದ್ದದ್ದು ಪಂಚಮಿಯಲ್ಲಿ. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಸೀರೆಗೆ ದೊಡ್ಡ ಸೀಜನ್. ಹಾಳೆಯಲ್ಲಿ ಪಂಚಮಿಗೆ ಇದ್ದದ್ದು ಒಂದೇ ಚೌಕ, ಹಬ್ಬದ ದಿನವೇ, ಶುಭಾಶಯದ ಚಿತ್ರ. ಅಷ್ಟೊತ್ತಿಗೆ ಕೊಳ್ಳುವವರೆಲ್ಲ ಕೊಂಡಾಗಿತ್ತು. ಹಬ್ಬದ ಪೋಸ್ಟನ್ನು ಹಿಂದಿನಿಂದ ಎಣಿಸಬೇಕು. ಕೊರಿಯರ್‌ಗೆ ನಾಲ್ಕೈದು ದಿನ, ಕುಪ್ಪಸ ಹೊಲಿಸಲು ವಾರ ಹತ್ತು ದಿನ, ಮನೆಯಲ್ಲಿ ಬಣ್ಣದ ಬಗ್ಗೆ ಚರ್ಚೆಗೆ ಇನ್ನೆರಡು ದಿನ (ಇದನ್ನು ಮರೆಯಬೇಡಿ). ಅಂದರೆ ಸೀರೆ ತೋರಿಸುವ ಪೋಸ್ಟು ಹಬ್ಬಕ್ಕೆ ಮೂರು ವಾರ ಮೊದಲೇ ಬರಬೇಕು. ಹಬ್ಬದ ದಿನ ಶುಭಾಶಯ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಕೆಲಸದ ಪೋಸ್ಟು ಅಂತ ಎಣಿಸಬೇಡಿ.

ಈಗ ನಾವು ಹೇಗೆ ಮಾಡುತ್ತೇವೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಬೇರೆ ಮಾಲು ಮಾರುವವರು ಹೆಸರು ಬದಲಿಸಿ ಇದನ್ನೇ ನಕಲು ಮಾಡಬೇಡಿ, ದಾರಿಯನ್ನಷ್ಟೇ ತಗೊಳ್ಳಿ.

ಪಿಲ್ಲರ್ ಹುಡುಕಿದ್ದು ವಾಟ್ಸಾಪಿನಲ್ಲಿ. ಅಂಗಡಿಯ ನಂಬರಿನಲ್ಲಿ ಹಳೆಯ ಚಾಟುಗಳೆಲ್ಲ ಇದ್ದವು. ಸರ್ಚಿನಲ್ಲಿ ‘ಒರಿಜಿನಲ್’, ‘ರೇಟ್’, ‘ತೊಳೆ’, ‘ಗಜ’ ಅಂತ ಒಂದೊಂದೇ ಹಾಕಿ ಓದುತ್ತಾ ಹೋದೆವು. “ಇದು ಕೈಮಗ್ಗದ್ದೇ ಏನ್ರಿ, ಪವರ್‌ಲೂಮಿಂದೋ?” “ಇಷ್ಟ್ಯಾಕ್ರಿ ರೇಟು?” “ಸೆರಗಿನ ಬಣ್ಣ ಬಿಡ್ತದೇನ್ರಿ ಅಕ್ಕಾರ?” “ಅವ್ವಗ ಒಂಬತ್ತು ಗಜದ್ದು ಬೇಕಾಗಿತ್ರಿ.” ಮಾತು ನೂರು ಬಗೆ, ಒಳಗಿನ ಪ್ರಶ್ನೆ ನಾಲ್ಕೇ: ಅಸಲಿಯೆಂದು ಗುರುತಿಸುವುದು ಹೇಗೆ, ಮಗ್ಗದಲ್ಲಿ ಏನು ನಡೆಯುತ್ತದೆ, ಯಾವುದನ್ನು ಹೇಗೆ ಉಡುವುದು, ಬಾಳಿಕೆ ಬರುವಂತೆ ನೋಡಿಕೊಳ್ಳುವುದು ಹೇಗೆ. ಗುರುತು, ಮಗ್ಗ, ಉಡುಗೆ, ಬಾಳಿಕೆ, ಇವೇ ನಮ್ಮ ಪಿಲ್ಲರ್‌ಗಳು. ಮಾರಾಟಕ್ಕೆ ಬೇರೆ ಪಿಲ್ಲರ್ ಇಲ್ಲ. ಪ್ರತಿ ಪೋಸ್ಟಿನಲ್ಲೂ ಅಂಗಡಿಯಲ್ಲಿ ಆ ಹೊತ್ತು ಇರುವ ಒಂದು ಸೀರೆಯೇ ಉದಾಹರಣೆ, ಕೆಳಗೆ ಅದರ ಬೆಲೆ.

ಒಂದನ್ನು ಪಿಲ್ಲರ್ ಅಂತ ಒಪ್ಪಿಕೊಳ್ಳುವ ಮೊದಲು ಅದರ ಕೆಳಗೆ ಹತ್ತು ತಲೆಬರಹ ಬರೆದು ನೋಡಿ. ‘ಕುಚ್ಚು ಕಟ್ಟುವುದು’ ಅಂತ ಇಟ್ಟುಕೊಂಡರೆ ಮೂರಕ್ಕೆ ಪೆನ್ನು ನಿಲ್ಲುತ್ತದೆ. ಅದು ಒಂದು ಪೋಸ್ಟು, ಪಿಲ್ಲರ್ ಅಲ್ಲ. ‘ನಮ್ಮ ಸಂಸ್ಕೃತಿ’ ಅಂತ ಇಟ್ಟುಕೊಂಡರೂ ನಿಲ್ಲುತ್ತದೆ, ಅಷ್ಟು ಅಗಲದಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ.

ತಿಂಗಳಿಗೆ ನಾಲ್ಕು ವಾರ, ವಾರಕ್ಕೊಂದು ಥೀಮ್. ಥೀಮ್ ಯಾವಾಗಲೂ ಕೈಯಲ್ಲಿ ಮುಟ್ಟಬಹುದಾದ ಒಂದು ವಸ್ತು ಅಥವಾ ಗುಣ. ಒಂದು ತಿಂಗಳು ಸೆರಗು, ದಡಿ, ನೂಲು, ಅಳತೆ ಅಂತ ಇಟ್ಟೆವು. ಥೀಮು ಮೇಲೆ, ಪಿಲ್ಲರ್ ಪಕ್ಕದಲ್ಲಿ ಬರೆದು ಗೆರೆ ಎಳೆದರೆ ಹದಿನಾರು ಮನೆ, ಒಂದೊಂದು ಮನೆಗೆ ಒಂದು ಪೋಸ್ಟು. ವಾರಕ್ಕೆ ಮೂರೇ ಪೋಸ್ಟು ಹಾಕುವುದರಿಂದ ಬೇಕಾದದ್ದು ಹನ್ನೆರಡು, ನಾಲ್ಕು ಉಳಿತಾಯ.

ಸೆರಗಿನ ವಾರವನ್ನೇ ನೋಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಸುವ ನೂಲು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸುತ್ತಾರೆ, ತೋಪ್ ತೆನಿ ಅನ್ನುವುದು ಇದಕ್ಕೇ. ಹಾಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧ ಮಾಡಬೇಕು. ಮಗ್ಗದ ಮನೆಗೆ ಆ ವಾರ ಸಿಕ್ಕ ವಿಡಿಯೋ ಇದು, “ಇಷ್ಟ್ಯಾಕ್ರಿ ರೇಟು” ಅನ್ನುವ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಗುರುತಿನ ಮನೆಗೆ ಅದೇ ಕೂಡು ಜಾಗವನ್ನು ಮೊಬೈಲಿನಲ್ಲಿ ಹತ್ತಿರದಿಂದ ತೋರಿಸಿದೆವು. ಒಡಲಿನ ಹಾಸೇ ಸೆರಗಿನೊಳಗೂ ಮುಂದುವರಿದಿದ್ದರೆ, ಹಸಿರು ಹಾಸಿನ ಮೇಲೆ ಅಡ್ಡ ನೇಯುವ ಕೆಂಪು ಹೊಕ್ಕು ಬಿದ್ದು ಕೆಂಪು ಶುದ್ಧವಾಗಿ ಬರುವುದಿಲ್ಲ, ಕಂದಿದ ಹಾಗೆ ಕಾಣುತ್ತದೆ. ಎರಡು ಸೀರೆ ಪಕ್ಕಪಕ್ಕ ಹರಡಿದರೆ ಮಾತೇ ಬೇಡ. ಬಾಳಿಕೆಯ ಮನೆಗೆ, ಕೆಂಪು ಸೆರಗನ್ನು ಮೊದಮೊದಲು ತಣ್ಣೀರಿನಲ್ಲಿ ಬೇರೆಯಾಗಿ ತೊಳೆಯುವುದು, ಒದ್ದೆ ಸೀರೆಯನ್ನು ಮುದ್ದೆ ಮಾಡಿ ಬಿಡದಿರುವುದು. ಉಡುಗೆಯ ಮನೆ ಆ ವಾರ ಉಳಿಯಿತು.

ಗಮನಿಸಿ, ಮೂರೂ ಪೋಸ್ಟಿಗೆ ಒಂದೇ ಮಧ್ಯಾಹ್ನದ ಚಿತ್ರೀಕರಣ ಸಾಕಾಯಿತು. ಇನ್ನೂ ಹೆಚ್ಚಾಗಿ, ಸೋಮವಾರ ಮಗ್ಗ ನೋಡಿದವರು ಗುರುವಾರ ಗುರುತಿನ ವಿಡಿಯೋ ನೋಡಿದಾಗ ಕೊಂಡಿ ಅಂದರೇನು ಅಂತ ಮತ್ತೆ ಹೇಳಬೇಕಾಗಿರಲಿಲ್ಲ. ವಾರಕ್ಕೊಂದು ಥೀಮ್ ಇಡುವುದು ಇದಕ್ಕೇ.

ದಡಿಯ ವಾರ ಸುಲಭ: ಚಿಕ್ಕಿ, ಗೋಮಿ, ಗಾಡಿದಡಿ, ಗಾಯತ್ರಿ, ಹೆಸರು ಹೇಳಿ ತೋರಿಸಿದರೇ ಅರ್ಧ ಕೆಲಸ ಮುಗಿಯುತ್ತದೆ. ನೂಲಿನ ವಾರ ಹೆಚ್ಚು ಜನ ನೋಡಿದ್ದು ಎಳೆ ಸುಡುವ ಪರೀಕ್ಷೆಯನ್ನು. ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ. ರೇಯಾನ್, ಅಂದರೆ ಆರ್ಟ್ ಸಿಲ್ಕ್, ಕಾಗದ ಸುಟ್ಟ ಹಾಗೆ ಉರಿದು ಹೋಗುತ್ತದೆ. ನಮ್ಮಲ್ಲಿ ಎರಡೂ ಸಿಗುತ್ತವೆ, ಎರಡರ ಬೆಲೆಯನ್ನೂ ಹಾಕಿದೆವು. ಆರ್ಟ್ ಸಿಲ್ಕ್ ಅಂತ ಗೊತ್ತಿದ್ದೇ ಕೊಂಡವರೂ ಇದ್ದಾರೆ, ಅದರಲ್ಲೇನೂ ತಪ್ಪಿಲ್ಲ.

ಅಳತೆಯ ವಾರದಲ್ಲಿ ತೊಡಕು ಬಂತು. ಆರು, ಎಂಟು, ಒಂಬತ್ತು ಗಜ ಯಾರಿಗೆ ಯಾವುದು ಅನ್ನುವುದು ಉಡುಗೆಯ ಮನೆಗೆ ಚೆನ್ನಾಗಿ ಕೂತಿತು. ಆದರೆ ಅಳತೆಗೂ ಬಾಳಿಕೆಗೂ ಹೇಳುವಂಥ ಸಂಬಂಧವೇ ಇಲ್ಲ. ಮನೆ ಖಾಲಿ ಬಿಟ್ಟೆವು, ಆ ಜಾಗಕ್ಕೆ ಸೆರಗಿನ ವಾರದಲ್ಲಿ ಉಳಿದಿದ್ದ ಪೋಸ್ಟನ್ನು ತಂದೆವು: ಸೆರಗಿನ ಉದ್ದ ಸಾಮಾನ್ಯವಾಗಿ 16ರಿಂದ 27 ಇಂಚು, ಪಿನ್ ಮಾಡಿದರೆ ಹೇಗೆ ಬೀಳುತ್ತದೆ, ಮಾಡದಿದ್ದರೆ ಹೇಗೆ. ಹದಿನಾರೂ ಮನೆ ತುಂಬಲೇಬೇಕೆಂದು ಹಟ ಹಿಡಿದರೆ ಮತ್ತೆ ಶುಭೋದಯದ ಕಡೆಗೇ ಹೋಗುತ್ತೀರಿ.

ಮುಂದಿನ ತಿಂಗಳಿಗೆ ಪಿಲ್ಲರ್ ಬದಲಾಗುವುದಿಲ್ಲ, ಥೀಮ್ ಮಾತ್ರ ಬದಲಾಗುತ್ತದೆ. ಕಸೂತಿ, ಗುಳೇದಗುಡ್ಡ ಖಣ, ಬಣ್ಣ, ಮದುವೆ ಸೀರೆ. ಕಸೂತಿ ಒಂದನ್ನೇ ತಗೊಳ್ಳಿ: ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ಹೊಲಿಗೆಯ ಬಗೆಯೇ ನಾಲ್ಕು. ಗವಂತಿ, ಮುರ್ಗಿ ಎರಡೂ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತವೆ, ಹಾಗಾಗಿ ಬಟ್ಟೆ ತಿರುವಿ ತೋರಿಸಿದರೆ ಗುರುತಿನ ಮನೆ ತುಂಬಿತು. ಪಿಲ್ಲರ್ ಸೋತಿದೆ ಅನ್ನುವುದಕ್ಕೂ ಒಂದು ಲಕ್ಷಣ ಇದೆ. ಎರಡು ತಿಂಗಳು ಸತತವಾಗಿ ಅದೇ ಸಾಲು ಖಾಲಿ ಉಳಿಯುತ್ತಿದ್ದರೆ, ಆ ಪ್ರಶ್ನೆಯನ್ನು ಗಿರಾಕಿಗಳು ಈಗಲೂ ಕೇಳುತ್ತಿದ್ದಾರಾ ಅಂತ ಚಾಟು ತೆಗೆದು ನೋಡಿ. ಕೇಳುತ್ತಿಲ್ಲವಾದರೆ ಬದಲಿಸಿ.

ಇದೆಲ್ಲ ಓದಿಯೂ ಹೊರಗಿನವರಿಗೇ ಕೊಡುವುದಾದರೆ, ನಿಮ್ಮ ಮಾಲಿನ ಬಗ್ಗೆ ಅವರು ಎಷ್ಟು ಪ್ರಶ್ನೆ ಕೇಳುತ್ತಾರೆ ಅಂತ ಮೊದಲ ಭೇಟಿಯಲ್ಲೇ ನೋಡಿ. ನಮ್ಮವರು ಕೇಳಿದ್ದು ಲೋಗೋ ಫೈಲ್ ಮತ್ತು ಪಾಸ್‌ವರ್ಡ್ ಮಾತ್ರ. ಪಾಸ್‌ವರ್ಡ್ ಕೊಡಬೇಡಿ. ಮೆಟಾ ಬಿಸಿನೆಸ್ ಖಾತೆಯಲ್ಲಿ ಬೇಕಾದ ಕೆಲಸಕ್ಕಷ್ಟೇ ಅನುಮತಿ ಕೊಡುವ ವ್ಯವಸ್ಥೆ ಇದೆ, ಬೇಡವಾದಾಗ ತೆಗೆಯಲೂ ಬರುತ್ತದೆ. ಡಿಸೈನ್ ಫೈಲು, ಮೂಲ ಫೋಟೋಗಳು ನಿಮ್ಮ ಖಾತೆಯಲ್ಲೇ ಇರಬೇಕೆಂದು ಕರಾರಿನಲ್ಲಿ ಬರೆಸಿ. ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ. ನಮ್ಮ ಫೋಟೋಗಳೆಲ್ಲ ಅವರ ಖಾತೆಯಲ್ಲಿದ್ದವು. ಕೇಳಿದಾಗಲೆಲ್ಲ “ಕಳಿಸ್ತೀವಿ ಮೇಡಂ” ಅನ್ನುತ್ತಿದ್ದರು, ಈಗ ಫೋನು ಎತ್ತುವುದನ್ನೂ ಬಿಟ್ಟಿದ್ದಾರೆ.